ಫ್ಯೂಚರ್‌ನಲ್ಲಿ ಪ್ರತಿ ಸುತ್ತೂ ಲಾಭ, ಒಟ್ಟು ಲೆಕ್ಕದಲ್ಲಿ 51 ಸಾವಿರ ನಷ್ಟ: ಗಾಮಾ ಸ್ಕಾಲ್ಪಿಂಗ್‌ನಲ್ಲಿ ದುಡ್ಡು ಎಲ್ಲಿ ಸೋರುತ್ತದೆ?

ಶಿರಸಿ_ಸುಬ್ಬು

ಇದು ಪೇಪರ್ ಟ್ರೇಡ್, ನಿಜವಾದ ದುಡ್ಡಲ್ಲ. ಆದರೂ ಲೆಕ್ಕ ತಲೆಗೆ ಹತ್ತುತ್ತಿಲ್ಲ.

ನಿಫ್ಟಿ 25,000 ಇದ್ದಾಗ 25,000ದ ಕಾಲ್ ಮತ್ತು ಪುಟ್ ಎರಡನ್ನೂ ತಲಾ 10 ಲಾಟ್ ಕೊಂಡೆ. ಲಾಟ್‌ಗೆ 75ರಂತೆ ಲೆಕ್ಕ. ಎಕ್ಸ್‌ಪೈರಿಗೆ 30 ದಿನ ಇತ್ತು. ಎರಡೂ ಸೇರಿ 801 ಪಾಯಿಂಟ್, ಅಂದರೆ ಸುಮಾರು 6 ಲಕ್ಷ. ನಿಫ್ಟಿ 126 ಪಾಯಿಂಟ್ ಏರಿದರೆ ನನ್ನ ಡೆಲ್ಟಾ ಸುಮಾರು 75 ಆಗುತ್ತದೆ. ಆಗ ಒಂದು ಲಾಟ್ ಫ್ಯೂಚರ್ ಮಾರುತ್ತೇನೆ. ಇಳಿದು 25,000ಕ್ಕೆ ಬಂದರೆ ವಾಪಸ್ ಕೊಳ್ಳುತ್ತೇನೆ. ಕೆಳಗೆ ಹೋದರೆ ಇದರ ಉಲ್ಟಾ. ಒಂದು ಸುತ್ತಿಗೆ 126 × 75, ಅಂದರೆ 9,450 ರೂಪಾಯಿ.

ವಾರ ಕಳೆದ ಮೇಲೆ ನಿಫ್ಟಿ ಮತ್ತೆ 25,000ದಲ್ಲೇ ಇದೆ. ಏಳು ಸುತ್ತು ಮುಗಿದಿವೆ. ಫ್ಯೂಚರ್ ಲಾಭ 66,150, ಖರ್ಚು ಸುಮಾರು 4,800. ಆದರೆ ಸ್ಟ್ರಾಡಲ್ ಈಗ 651 ಆಗಿದೆ! ಅಲ್ಲೇ 1,12,500 ಹೋಯಿತು. ಒಟ್ಟು 51 ಸಾವಿರ ಮೈನಸ್.

ಥೀಟಾ ದಿನಕ್ಕೆ 10,000 ಎಂದು ತೋರಿಸುತ್ತಿತ್ತು. ಏಳು ದಿನಕ್ಕೆ 70,000 ಹೋಗಬೇಕಿತ್ತು, 1,12,500 ಯಾಕೆ ಹೋಯಿತು? ಇನ್ನೂ ಬೇಗ ಬೇಗ, 60 ಪಾಯಿಂಟಿಗೊಮ್ಮೆ ಹೆಡ್ಜ್ ಮಾಡಿದ್ದರೆ ಉಳಿಯುತ್ತಿತ್ತಾ?

ಥೀಟಾ_ರಾಯ

ಡೆಲ್ಟಾ ನ್ಯೂಟ್ರಲ್ ನಾನು ಪ್ರತಿ ವಾರ ಮಾಡ್ತೇನೆ. ದೂರದ ಕಾಲ್, ದೂರದ ಪುಟ್ ಮಾರುವುದು. ಒಂದು ಕಡೆ ಒತ್ತಡ ಬಂದರೆ ಇನ್ನೊಂದನ್ನು ಹತ್ತಿರಕ್ಕೆ ತರುವುದು. ಥೀಟಾ ನಮ್ಮ ಜೇಬಿಗೆ ಬರುತ್ತದೆ. ನೀವು ಕೊಂಡಿದ್ದೀರಿ, ಅದೇ ತೊಂದರೆ. ಆಪ್ಷನ್‌ನಲ್ಲಿ ಇರುವ ಐವಿ ಯಾವಾಗಲೂ ನಿಜವಾದ ಏರಿಳಿತಕ್ಕಿಂತ ಜಾಸ್ತಿ. ಕೊಂಡವನು ಸೋಲುವುದು ಖಾತ್ರಿ. ಬಿಟ್ಟುಬಿಡಿ.

ಗಾಂಧಿಬಜಾರ್_ಗಿರಿ

ರಾಯರೇ, ನೀವು ಹೇಳುತ್ತಿರುವುದು ಇದೇ ಆಟದ ಎದುರು ಪಾಳಿ. ಎರಡಕ್ಕೂ ಡೆಲ್ಟಾ ಸೊನ್ನೆ, ಆದರೆ ಗಾಮಾ ತಿರುಗಾಮುರುಗಾ. ಸುಬ್ಬು ಏರಿದಾಗ ಮಾರಿ ಇಳಿದಾಗ ಕೊಳ್ಳುತ್ತಾರೆ. ನೀವು ಸರಿಪಡಿಸುವಾಗ ಏರಿದ ಮೇಲೆ ಕೊಂಡು, ಇಳಿದ ಮೇಲೆ ಮಾರುತ್ತೀರಿ. ಪ್ರತಿ ಸರಿಪಡಿಕೆಯಲ್ಲೂ ನಿಮ್ಮ ಕೈಯಿಂದ ಸ್ವಲ್ಪ ಹೋಗುತ್ತದೆ, ಅದನ್ನು ಪ್ರೀಮಿಯಂ ತುಂಬುತ್ತದೆ. ನಮ್ಮಲ್ಲಿ ಡೆಲ್ಟಾ ನ್ಯೂಟ್ರಲ್ ಅಂದರೆ ಸ್ಟ್ರಾಂಗಲ್ ಮಾರುವುದು ಎಂದೇ ಆಗಿಬಿಟ್ಟಿದೆ. ಅದಕ್ಕೇ ಈ ಗೊಂದಲ.

ಸುಬ್ಬು, ಒಂದು ಅಂಕಿ ನೀವು ಕೊಟ್ಟಿಲ್ಲ. ಕೊಂಡಾಗ ಐವಿ ಎಷ್ಟಿತ್ತು, ಈಗ ಎಷ್ಟಿದೆ?

ಶಿರಸಿ_ಸುಬ್ಬು

ಕೊಂಡಾಗ 14, ಈಗ 13. ಒಂದೇ ಪಾಯಿಂಟ್ ಸರ್, ಅದು ಅಷ್ಟು ದೊಡ್ಡದಾ?

ಗಾಂಧಿಬಜಾರ್_ಗಿರಿ

ಈ ಸ್ಟ್ರಾಡಲ್‌ನಲ್ಲಿ ಅದು ತುಂಬ ದೊಡ್ಡದು. ಬಿಡಿಸಿ ನೋಡೋಣ.

ಐವಿ 14ರಲ್ಲೇ ನಿಂತಿದ್ದರೆ, 23 ದಿನ ಉಳಿದಿರುವಾಗ ಈ ಸ್ಟ್ರಾಡಲ್ 701ರ ಆಸುಪಾಸು ಇರಬೇಕಿತ್ತು. ಅಂದರೆ ಕಾಲ ತಿಂದದ್ದು 100 ಪಾಯಿಂಟ್, 75,000 ರೂಪಾಯಿ. ಥೀಟಾ ದಿನಾ ಒಂದೇ ಇರುವುದಿಲ್ಲ, ಎಕ್ಸ್‌ಪೈರಿ ಹತ್ತಿರವಾದಂತೆ ಏರುತ್ತದೆ. ಅದಕ್ಕೇ 70 ಅಲ್ಲ, 75. ಉಳಿದ 50 ಪಾಯಿಂಟ್, 37,500 ರೂಪಾಯಿ, ಐವಿ 14ರಿಂದ 13ಕ್ಕೆ ಇಳಿದದ್ದಕ್ಕೆ ಹೋದದ್ದು. ಒಂದು ತಿಂಗಳ ಸ್ಟ್ರಾಡಲ್ ಕೊಂಡವನಿಗೆ ಗಾಮಾ ಜೊತೆ ವೇಗಾ ಕೂಡ ಬರುತ್ತದೆ, ಬೇಕೋ ಬೇಡವೋ. ನೀವು ಕೊಂಡ ದಿನ ಐವಿ 1 ಪಾಯಿಂಟ್ ಕುಸಿದಿದ್ದರೆ 43,000 ಹೋಗುತ್ತಿತ್ತು. ಅದು ನಾಲ್ಕು ದಿನದ ಥೀಟಾಕ್ಕಿಂತ ಜಾಸ್ತಿ.

ಹಾಗಾಗಿ ನಿಮ್ಮ ಸ್ಕಾಲ್ಪಿಂಗ್ ಅಷ್ಟೇನೂ ಕೆಟ್ಟಿಲ್ಲ. ಖರ್ಚು ಕಳೆದು 61,350 ಬಂತು, ಕಾಲಕ್ಕೆ ಕೊಟ್ಟದ್ದು 75,000. ಆ ಆಟದಲ್ಲಿ ಸೋತದ್ದು 13,650 ಮಾತ್ರ. ಮಿಕ್ಕದ್ದೆಲ್ಲ ಐವಿಯ ಲೆಕ್ಕ.

ಇನ್ನು ಆ 13,650 ಯಾಕೆ? ನಿಮ್ಮ ಹತ್ತು ಲಾಟಿನ ಡೆಲ್ಟಾ, ನಿಫ್ಟಿ ಒಂದು ಪಾಯಿಂಟ್ ಅಲುಗಿದರೆ 0.6ರಷ್ಟು ಬದಲಾಗುತ್ತದೆ. ಅದೇ ಗಾಮಾ. ಒಂದು ದಿನದ ಲಾಭ ನಷ್ಟ ಹೆಚ್ಚುಕಡಿಮೆ ಹೀಗೆ:

`P&L ≈ ½ × Γ × (ΔS)² − θ`

ಗಾಮಾ 0.6, ಥೀಟಾ 10,000 ಹಾಕಿ. ನಿಫ್ಟಿ 183 ಪಾಯಿಂಟ್ ಅಲುಗಿದರೆ ಸರಿಸಮ. ಅದಕ್ಕಿಂತ ಜಾಸ್ತಿ ಅಲುಗಿದರೆ ಲಾಭ, ಕಡಿಮೆ ಅಲುಗಿದರೆ ನಷ್ಟ. ಈ 183 ಎಲ್ಲಿಂದ ಬಂತು ಗೊತ್ತಾ? 25,000ದ ಶೇಕಡಾ 14 ತೆಗೆದು, 365ರ ವರ್ಗಮೂಲದಿಂದ, ಅಂದರೆ 19.1ರಿಂದ ಭಾಗಿಸಿ. ಅದೇ. ಐವಿ ಎನ್ನುವುದು ನೀವು ದಿನವೂ ಕೊಡುವ ಬಾಡಿಗೆ. ಅಷ್ಟಕ್ಕಿಂತ ಜಾಸ್ತಿ ಮಾರುಕಟ್ಟೆ ಓಡಾಡಿದರೆ ಮಾತ್ರ ನಿಮಗೆ ಉಳಿಯುತ್ತದೆ. ನಿಮ್ಮ ಫ್ಯೂಚರ್ ಸುತ್ತುಗಳು ಆ ಓಡಾಟವನ್ನು ನಗದು ಮಾಡಿಕೊಳ್ಳುವ ದಾರಿ ಮಾತ್ರ, ಲಾಭದ ಮೂಲ ಅಲ್ಲ. ‘ಪ್ರತಿ ಸುತ್ತೂ ಲಾಭ’ ಎನ್ನುವುದು ಏನನ್ನೂ ಹೇಳುವುದಿಲ್ಲ, ಏಕೆಂದರೆ ಸುತ್ತು ಮುಗಿದರೆ ಅದು ಲಾಭವೇ ಆಗಿರಲೇಬೇಕು. ಪ್ರಶ್ನೆ ಇರುವುದು ವಾರದಲ್ಲಿ ಸಾಕಷ್ಟು ಸುತ್ತು ಬಂದವಾ ಎಂಬುದರಲ್ಲಿ. ನಿಮಗೆ ಎಂಟೂವರೆ ಬೇಕಿತ್ತು, ಏಳು ಬಂದವು.

ಮೀರಾ_ಮೈಸೂರು

ಗಿರಿ ಸರ್ ಹೇಳಿದ 183ರಲ್ಲಿ ಒಂದು ತಕರಾರು. ಏಳು ದಿನದಲ್ಲಿ ಮಾರುಕಟ್ಟೆ ತೆರೆದಿರುವುದು ಐದೇ ದಿನ. 75,000ವನ್ನು ಐದು ದಿನಕ್ಕೆ ಹಂಚಿದರೆ ದಿನಕ್ಕೆ 15,000. ಆಗ ದಿನವೂ ಅಲುಗಬೇಕಾದದ್ದು ಸುಮಾರು 220 ಪಾಯಿಂಟ್. 183 ಎಂದುಕೊಂಡು ಕೂತರೆ ಮೋಸ ಹೋಗುತ್ತೇವೆ.

‘60 ಪಾಯಿಂಟಿಗೊಮ್ಮೆ ಹೆಡ್ಜ್ ಮಾಡಿದರೆ?’ ಎಂಬ ಪ್ರಶ್ನೆಗೆ ಎರಡು ದಿನಗಳನ್ನು ಊಹಿಸಿಕೊಳ್ಳಿ ಸುಬ್ಬು.

ಮೊದಲನೆಯ ದಿನ ನಿಫ್ಟಿ 25,000ದಿಂದ 25,126ಕ್ಕೆ ಹೋಗಿ ಮರಳಿತು, 24,874ಕ್ಕೆ ಇಳಿದು ಮತ್ತೆ ಮರಳಿತು. ನಿಮಗೆ ಎರಡು ಸುತ್ತು, 18,900. ಥೀಟಾ 10,000, ಖರ್ಚು 1,400 ಕಳೆದರೆ 7,500 ಉಳಿಯಿತು. ಏನೂ ಮಾಡದೆ ಕೂತವನಿಗೆ 10,000 ನಷ್ಟ.

ಎರಡನೆಯ ದಿನ ನಿಫ್ಟಿ ಎಲ್ಲೂ ನಿಲ್ಲದೆ 25,378ಕ್ಕೆ ಏರಿತು. ಏನೂ ಮಾಡದವನಿಗೆ ಗಾಮಾದಿಂದ 42,500. ನೀವು ದಾರಿಯಲ್ಲಿ 126ಕ್ಕೊಂದರಂತೆ ಮೂರು ಲಾಟ್ ಮಾರಿರುತ್ತೀರಿ. ಮೊದಲನೆಯ ಲಾಟ್‌ನಲ್ಲಿ 18,900, ಎರಡನೆಯದರಲ್ಲಿ 9,450 ಹೋಯಿತು. ನಿಮಗೆ ಉಳಿದದ್ದು ಬರೀ 14,200. ಥೀಟಾ ಕಳೆದರೆ 4,200.

ಅಂದರೆ ಎಳೆದಾಡುವ ದಿನ ಬೇಗ ಹೆಡ್ಜ್ ಮಾಡಿದವನು ಗೆಲ್ಲುತ್ತಾನೆ, ಒಂದೇ ದಿಕ್ಕಿಗೆ ಓಡುವ ದಿನ ಸುಮ್ನೆ ಕೂತವನು ಗೆಲ್ಲುತ್ತಾನೆ. ಯಾವ ದಿನ ಎಂಥದು ಎಂದು ಮೊದಲೇ ಗೊತ್ತಿದ್ದರೆ ಆಪ್ಷನ್ ಯಾಕೆ ಬೇಕು ಅಲ್ವಾ? ನಾನು ಕಂಪ್ಯೂಟರಿನಲ್ಲಿ ಸುಮಾರು ಹಾದಿಗಳನ್ನು ಓಡಿಸಿ ನೋಡಿದ್ದೇನೆ. ಖರ್ಚಿಲ್ಲ ಎಂದಿಟ್ಟುಕೊಂಡರೆ, ಎಷ್ಟು ಸಲ ಹೆಡ್ಜ್ ಮಾಡಿದರೂ ಸರಾಸರಿ ಅಲ್ಲಲ್ಲೇ ಇರುತ್ತದೆ. ಬದಲಾಗುವುದು ಹರವು. ನಾಲ್ಕು ಪಟ್ಟು ಹೆಚ್ಚು ಸಲ ಹೆಡ್ಜ್ ಮಾಡಿದರೆ ಹರವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಷ್ಟೇ. ಪದೇ ಪದೇ ಹೆಡ್ಜ್ ಮಾಡುವುದರಿಂದ ಸಿಗುವುದು ನೆಮ್ಮದಿ, ದುಡ್ಡಲ್ಲ.

ಗಾಂಧಿಬಜಾರ್_ಗಿರಿ

ಮೀರಾ ಮೇಡಂ ಹೇಳಿದ್ದಕ್ಕೆ ಖರ್ಚನ್ನು ಸೇರಿಸುತ್ತೇನೆ. ಒಂದು ಲಾಟ್ ಫ್ಯೂಚರ್ ಅಂದರೆ 18.8 ಲಕ್ಷದ ಮಾಲು. ಫ್ಯೂಚರ್ ಮಾರಾಟದ ಎಸ್‌ಟಿಟಿ 2024ರ ಅಕ್ಟೋಬರ್ 1ರಂದು ಶೇಕಡಾ 0.0125ರಿಂದ 0.02ಕ್ಕೆ ಏರಿತು. ಆ ದರದಲ್ಲಿ ಒಂದು ಸುತ್ತಿಗೆ ಎಸ್‌ಟಿಟಿ ಒಂದೇ 377 ರೂಪಾಯಿ. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್ ಎಲ್ಲ ಸೇರಿದರೆ 500 ದಾಟುತ್ತದೆ. ಕೊಳ್ಳುವ ಮಾರುವ ಬೆಲೆಯ ಅಂತರಕ್ಕೆ ಎರಡು ಪಾಯಿಂಟ್ ಬಿಡಿ. ಒಟ್ಟು 700ರ ಹತ್ತಿರ. ದರ ಆಮೇಲೆ ಬದಲಾಗಿದ್ದರೆ ಹೊಸದನ್ನು ಹಾಕಿ ನೋಡಿಕೊಳ್ಳಿ.

126 ಪಾಯಿಂಟ್ ಸುತ್ತಿನ 9,450ರಲ್ಲಿ 700 ಏನೂ ಅಲ್ಲ. ನಿಮ್ಮದು ನೂರು ಲಾಟಿನ ಪೊಸಿಷನ್ ಆಗಿ, 20 ಪಾಯಿಂಟಿಗೊಮ್ಮೆ ಹೆಡ್ಜ್ ಮಾಡುತ್ತೀರಿ ಎಂದುಕೊಳ್ಳಿ. ಲಾಟಿಗೆ ಸಿಗುವುದು 1,500, ಅದರಲ್ಲಿ 700 ಖರ್ಚಿಗೆ ಹೋಯಿತು. ಮುಂಬೈಯ ಡೆಸ್ಕ್‌ನಲ್ಲಿದ್ದಾಗ ಹೊಸ ಹುಡುಗರ ಪುಸ್ತಕ ಕೆಡುತ್ತಿದ್ದದ್ದು ಹೆಚ್ಚಾಗಿ ಇಲ್ಲೇ. ಗಾಮಾ ಲಾಭ, ಥೀಟಾ, ವೇಗಾ, ಖರ್ಚು ನಾಲ್ಕನ್ನೂ ಬೇರೆ ಬೇರೆ ಕಾಲಂನಲ್ಲಿ ಸಂಜೆ ಬರೆದರೆ ಎರಡೇ ವಾರದಲ್ಲಿ ಗೊತ್ತಾಗುತ್ತದೆ. ಎಲ್ಲವನ್ನೂ ಒಂದೇ ಮೊತ್ತವಾಗಿ ನೋಡಿದರೆ ಗೊತ್ತಾಗುವುದಿಲ್ಲ.

ಹುಬ್ಬಳ್ಳಿ_ಬಸು

ಎಲ್ಲಾರೂ ಹತ್ತು ಲಾಟು, ನೂರು ಲಾಟು ಅಂತೀರಲ್ರೀ. ನಂದು ಒಂದೇ ಲಾಟ್ ಸ್ಟ್ರಾಡಲ್. ನನಗೆ ಯಾವಾಗ ಫ್ಯೂಚರ್ ಮಾರಬೇಕು ಹೇಳ್ರಿ.

ಮೀರಾ_ಮೈಸೂರು

ಬಸು ಅವರೇ, ಒಂದು ಲಾಟಿಗೆ ಡೆಲ್ಟಾ ಬದಲಾಗುವುದು ಪಾಯಿಂಟಿಗೆ 0.06. ಅದು 75 ಆಗಬೇಕಾದರೆ ನಿಫ್ಟಿ 1,250 ಪಾಯಿಂಟ್ ಓಡಬೇಕು. ಅಷ್ಟು ದೂರ ಹೋದರೆ ಗಾಮಾ ಕೂಡ ಕಡಿಮೆಯಾಗಿ, ನಿಜವಾಗಿ ಇನ್ನೂ ಜಾಸ್ತಿಯೇ ಬೇಕು. ಅಂದರೆ ಫ್ಯೂಚರ್‌ನಿಂದ ಆಗದು. 300 ಪಾಯಿಂಟಿಗೇ ಒಂದು ಲಾಟ್ ಮಾರಿದರೆ ಹೆಡ್ಜ್ ಆಗುವುದಿಲ್ಲ, ಇಳಿಕೆಯ ಮೇಲೆ ಬಾಜಿ ಕಟ್ಟಿದಂತಾಗುತ್ತದೆ.

ಬೇರೆ ದಾರಿ ಇದೆ, ದುಬಾರಿ. ಕಾಲ್ ಬಿಟ್ಟು ಎರಡು ಲಾಟ್ ಪುಟ್ ಕೊಂಡು, ಅದಕ್ಕೆ ಸರಿಯಾಗಿ ನಿಫ್ಟಿ ಇಟಿಎಫ್ ಇಟ್ಟುಕೊಳ್ಳುವುದು. ಅದೂ ಸ್ಟ್ರಾಡಲ್ ಥರವೇ ನಡೆಯುತ್ತದೆ. ಇಟಿಎಫ್ ಅನ್ನು ಸಣ್ಣ ಸಣ್ಣ ಪಾಲಾಗಿ ಮಾರಬಹುದು, ಕೊಳ್ಳಬಹುದು. ಆದರೆ ಅದಕ್ಕೆ ಸುಮಾರು 18.75 ಲಕ್ಷದ ಇಟಿಎಫ್ ಬೇಕು.

ಹುಬ್ಬಳ್ಳಿ_ಬಸು

18 ಲಕ್ಷ ಇದ್ದಿದ್ರ ಒಂದ ಲಾಟ್ ಯಾಕ ತಗೋತಿದ್ನಿ ಮೇಡಂ. ಆತು, ಗೊತ್ತಾತು. ಇದು ನನ್ನ ಆಟ ಅಲ್ಲ. ಮತ್ತ, ಬೇರೆ ಆಪ್ಷನ್ ಮಾರಿ ಡೆಲ್ಟಾ ಸೊನ್ನೆ ಮಾಡಬಹುದಲ್ಲ?

ಗಾಂಧಿಬಜಾರ್_ಗಿರಿ

ಮಾಡಬಹುದು. ಆದರೆ ಆಪ್ಷನ್ ಮಾರಿದ ಕೂಡಲೇ ನೀವು ಕೊಂಡ ಗಾಮಾದಲ್ಲಿ ಒಂದು ಭಾಗವನ್ನೂ ಮಾರಿದ ಹಾಗೆ. ಯಾವುದಕ್ಕಾಗಿ ದುಡ್ಡು ಕೊಟ್ಟಿರೋ ಅದನ್ನೇ ಬಿಟ್ಟುಕೊಟ್ಟಂತೆ. ಫ್ಯೂಚರ್‌ಗೆ ಗಾಮಾ ಇಲ್ಲ, ಥೀಟಾ ಇಲ್ಲ. ಅದಕ್ಕೇ ಎಲ್ಲರೂ ಅದರಿಂದ ಹೆಡ್ಜ್ ಮಾಡುವುದು.

ಕುಂದಾಪ್ರ_ಶೆಟ್ಟಿ

ಒಂದು ವಿಷಯ ಯಾರೂ ಹೇಳಲಿಲ್ಲ. ಮೀರಾ ಅವರ ಎರಡನೆಯ ದಿನ ನೋಡಿ. ಫ್ಯೂಚರ್ ನಷ್ಟ 28,350. ಅದು ಎಂಟಿಎಂ, ಖಾತೆಯಿಂದ ನಗದಾಗಿ ಹೋಗುತ್ತದೆ. ಆಪ್ಷನ್‌ನಲ್ಲಿ ಬಂದ ಲಾಭ ಮಾರುವ ತನಕ ಪರದೆಯ ಮೇಲೆ ಮಾತ್ರ. ಮೂರು ದಿನ ಹೀಗೇ ಒಂದೇ ಕಡೆ ಓಡಿದರೆ, ಲೆಕ್ಕದಲ್ಲಿ ಲಾಭದಲ್ಲಿದ್ದೇ ನಗದು ಖಾಲಿಯಾಗುತ್ತದೆ. ನನಗೆ ಹಾಗೆ ಆಗಿ, ಅರ್ಧ ಸ್ಟ್ರಾಡಲ್ ಮಾರಿ ದುಡ್ಡು ಹೊಂದಿಸಬೇಕಾಯಿತು. ಪ್ರೀಮಿಯಂ 6 ಲಕ್ಷ ಇದ್ದರೆ ಸಾಕು ಎಂದು ಇಳಿಯಬೇಡಿ. ಫ್ಯೂಚರ್ ಮಾರ್ಜಿನ್, ಅದರ ಮೇಲೆ ಈ ನಗದು, ಎರಡಕ್ಕೂ ಬೇರೆ ಇಟ್ಟಿರಬೇಕು.

ಥೀಟಾ_ರಾಯ

ನೋಡಿ, ಎಷ್ಟು ಒದ್ದಾಟ! ಅದಕ್ಕೇ ಹೇಳಿದ್ದು, ಮಾರುವುದೇ ವಾಸಿ. ಐವಿ ಯಾವಾಗಲೂ ಜಾಸ್ತಿ.

ಗಾಂಧಿಬಜಾರ್_ಗಿರಿ

ಬಹಳ ಸಲ ಜಾಸ್ತಿ, ಒಪ್ಪಿದೆ. ‘ಯಾವಾಗಲೂ’ ಎಂಬ ಮಾತು ಮಾತ್ರ ಬೇಡ ರಾಯರೇ. 2024ರ ಜೂನ್ 3ರಂದು ನಿಫ್ಟಿ 23,263.90ಕ್ಕೆ ಮುಗಿದಿತ್ತು. ಇಂಡಿಯಾ ವಿಐಎಕ್ಸ್ 21ರ ಹತ್ತಿರ. ಅಂದರೆ ದಿನಕ್ಕೆ ಸುಮಾರು ಶೇಕಡಾ 1.3ರಷ್ಟು ಅಲುಗಾಟಕ್ಕೆ ಬೆಲೆ ಕಟ್ಟಿತ್ತು. ಮರುದಿನ ಚುನಾವಣಾ ಫಲಿತಾಂಶ. ನಿಫ್ಟಿ 21,884.50ಕ್ಕೆ ಬಿತ್ತು, 1,379 ಪಾಯಿಂಟ್, ಶೇಕಡಾ 5.9. ಚಲನೆ ನಾಲ್ಕು ಪಟ್ಟು ಮೀರಿತು. ಲಾಭ ವರ್ಗದಲ್ಲಿ ಏರುವುದರಿಂದ ಲೆಕ್ಕಕ್ಕೆ ಅದು ಹದಿನಾರು ಪಟ್ಟು. ಸ್ಟ್ರೈಕ್‌ನಿಂದ ದೂರವಾದಂತೆ ಗಾಮಾ ಇಳಿಯುತ್ತದೆ, ಹಾಗಾಗಿ ಪೂರ್ತಿ ಸಿಗುವುದಿಲ್ಲ. ಆದರೂ ಒಂದೇ ದಿನದಲ್ಲಿ ವಾರಗಳ ಥೀಟಾ ವಾಪಸ್ ಬಂತು. ಮಾರಿದವರ ಕೈಯಿಂದ.

ಇದರಲ್ಲಿ ಕೊಂಡವರಿಗೂ ಪಾಠ ಇತ್ತು. ಜೂನ್ 5ರಂದು ನಿಫ್ಟಿ 22,620.35ಕ್ಕೆ ಏರಿತು, ಒಂದೇ ದಿನ 735 ಪಾಯಿಂಟ್. 4ನೇ ತಾರೀಕು ಸಂಜೆ ಫ್ಯೂಚರ್ ಕೊಂಡು ಡೆಲ್ಟಾ ಸೊನ್ನೆ ಮಾಡಿಕೊಂಡವನಿಗೆ ಆ 735ರಲ್ಲೂ ಮತ್ತೊಮ್ಮೆ ಸಿಕ್ಕಿತು. ಹೆಡ್ಜ್ ಮಾಡದೆ ಇನ್ನೂ ಬೀಳುತ್ತದೆ ಎಂದು ಕೂತವನು, ಬಿದ್ದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಕಳೆದುಕೊಂಡ. ಮೇಲಾಗಿ ವಿಐಎಕ್ಸ್ 27ರ ಹತ್ತಿರದಿಂದ 19ರ ಆಸುಪಾಸಿಗೆ ಕುಸಿಯಿತು. ಆ ಏಟು ಮಾತ್ರ ಇಬ್ಬರಿಗೂ ಬಿತ್ತು.

ಥೀಟಾ_ರಾಯ

ಅಂಥ ದಿನ ಎಷ್ಟು ಬರುತ್ತವೆ ಗಿರಿ ಸರ್? ಅದಕ್ಕೆ ಕಾಯುತ್ತ ತಿಂಗಳುಗಟ್ಟಲೆ ಥೀಟಾ ಕಟ್ಟುವವರು ಯಾರು? ನಾನು ಫಲಿತಾಂಶದ ಹಿಂದಿನ ದಿನ ಪೊಸಿಷನ್ ಇಟ್ಟುಕೊಳ್ಳುವುದಿಲ್ಲ. ಅಷ್ಟು ಸಾಕು ನನಗೆ.

ಗಾಂಧಿಬಜಾರ್_ಗಿರಿ

ತಾರೀಕು ಹೇಳಿ ಬರುವ ದಿನಕ್ಕೆ ಅದು ಸರಿ. ಹೇಳದೆ ಬರುವ ದಿನಕ್ಕೆ? ಇರಲಿ, ನೀವೂ ನಾನೂ ಇಲ್ಲಿ ಒಪ್ಪುವುದಿಲ್ಲ.

ಶಿರಸಿ_ಸುಬ್ಬು

ಈಗ ಅರ್ಥವಾಯಿತು. ಹಾಗಾದರೆ ವೇಗಾ ಕಾಟ ಬೇಡ ಎಂದು ಎಕ್ಸ್‌ಪೈರಿಗೆ ಒಂದೇ ದಿನ ಇರುವ ಸ್ಟ್ರಾಡಲ್ ಕೊಂಡರೆ? ಗಾಮಾನೂ ಜಾಸ್ತಿ. ಪ್ರೀಮಿಯಂ ಬರೀ 146 ಪಾಯಿಂಟ್.

ಗಾಂಧಿಬಜಾರ್_ಗಿರಿ

ವೇಗಾ ಕಡಿಮೆಯಾಗುತ್ತದೆ, ನಿಜ. ಗಾಮಾ ಐದೂವರೆ ಪಟ್ಟು ಆಗುತ್ತದೆ. ಥೀಟಾ ಕೂಡ ಅಷ್ಟೇ ಪಟ್ಟು ಆಗುತ್ತದೆ. ಹಾಗಾಗಿ ಸರಿಸಮಕ್ಕೆ ಬೇಕಾದ ಅಲುಗಾಟ ಅದೇ 183. ಐವಿ ಅಷ್ಟೇ ಇದ್ದರೆ, ದಿನ ಮೂವತ್ತಿರಲಿ ಒಂದಿರಲಿ, ಆ ಗೆರೆ ಜರುಗುವುದಿಲ್ಲ. ಬದಲಾಗುವುದು ಗೆರೆಯ ಆಚೀಚೆ ಬೀಳುವ ಮೊತ್ತ. ಹತ್ತು ಲಾಟಿಗೆ ಈಗ 23 ಪಾಯಿಂಟಿಗೆಲ್ಲ ಡೆಲ್ಟಾ 75 ಆಗುತ್ತದೆ. ಪ್ರತಿ ಸಲ ಹೆಡ್ಜ್ ಮಾಡಿದರೆ ಖರ್ಚಿಗೇ ಮುಗಿಯಿತು, ಮಾಡದಿದ್ದರೆ ಡೆಲ್ಟಾ ಕೈಗೆ ಸಿಗುವುದಿಲ್ಲ. ಮಧ್ಯಾಹ್ನದ ಮೇಲೆ ನಿಫ್ಟಿ 25,000ದ ಮೇಲೆ ಹತ್ತು, ಕೆಳಗೆ ಹತ್ತು ಆಡತೊಡಗಿದರೆ ಪರದೆಯ ಡೆಲ್ಟಾ ನಂಬುವ ಹಾಗೇ ಇರುವುದಿಲ್ಲ.

ಮೀರಾ_ಮೈಸೂರು

ವಾರಾಂತ್ಯದ ವಿಷಯ ಹಾಗೇ ಉಳಿಯಿತು ಸರ್. ಶುಕ್ರವಾರ ಸಂಜೆ ಕೊಂಡು ಸೋಮವಾರ ಬೆಳಿಗ್ಗೆ ನೋಡಿದರೆ ಮೂರು ದಿನದ 30,000 ಹೋಗಿರಬೇಕು. ನಾನು ನೋಡಿದಂತೆ ಅಷ್ಟು ಹೋಗಿರುವುದಿಲ್ಲ. ಶುಕ್ರವಾರ ಮಧ್ಯಾಹ್ನವೇ ಸ್ವಲ್ಪ ಇಳಿದಿರುತ್ತದೆ. ನಿಜವಾದ ಥೀಟಾ ವ್ಯಾಪಾರದ ದಿನಗಳ ಲೆಕ್ಕದ್ದು ಎನ್ನುವುದು ನನ್ನ ಮಾತು.

ಗಾಂಧಿಬಜಾರ್_ಗಿರಿ

ಸ್ವಲ್ಪ ಇಳಿದಿರುತ್ತದೆ, ಪೂರ್ತಿ ಅಲ್ಲ. ಶನಿವಾರ ಭಾನುವಾರ ಸುದ್ದಿ ಬರುವುದು ನಿಲ್ಲುವುದಿಲ್ಲವಲ್ಲ. ನಾವು ಡೆಸ್ಕ್‌ನಲ್ಲಿ ಆ ಎರಡು ದಿನಕ್ಕೆ ಸಣ್ಣ ತೂಕ ಕೊಡುತ್ತಿದ್ದೆವು. ಎಷ್ಟು ಕೊಡಬೇಕು ಎಂಬುದರ ಮೇಲೆ ಅಲ್ಲೂ ಜಗಳ ಮುಗಿಯಲಿಲ್ಲ.

ಶಿರಸಿ_ಸುಬ್ಬು

ಕೊನೆಯದೊಂದು. ನಿಫ್ಟಿ ನಿಧಾನವಾಗಿ 26,500ಕ್ಕೆ ಹೋಗಿಬಿಟ್ಟರೆ? ನನ್ನ 25,000ದ ಸ್ಟ್ರಾಡಲ್ ಇಟ್ಟುಕೊಂಡೇ ಸ್ಕಾಲ್ಪ್ ಮಾಡಬಹುದಾ?

ಥೀಟಾ_ರಾಯ

ಗಾಮಾ ಹೋಯಿತು, ಥೀಟಾ ಮಾತ್ರ ತಿನ್ನುತ್ತಲೇ ಇರುತ್ತದೆ.

ಗಾಂಧಿಬಜಾರ್_ಗಿರಿ

ಇಲ್ಲ ರಾಯರೇ, ಎರಡೂ ಒಟ್ಟಿಗೇ ಇಳಿಯುತ್ತವೆ. 20 ದಿನ ಉಳಿದಿದ್ದು ಐವಿ 14 ಇದ್ದರೆ, 26,500ರಲ್ಲಿ ಆ ಸ್ಟ್ರಾಡಲ್‌ನ ಗಾಮಾ ಮೊದಲಿದ್ದದ್ದರ ಕಾಲು ಭಾಗಕ್ಕಿಂತ ಕಡಿಮೆ. ಥೀಟಾ ಕೂಡ ಅದೇ ಲೆಕ್ಕದಲ್ಲಿ. ತೊಂದರೆ ಬೇರೆ ಇದೆ ಸುಬ್ಬು. ಅಲ್ಲಿಗೆ ನಿಧಾನವಾಗಿ ಹೋಗುವಾಗ ಗಾಮಾ ತುಂಬಿತ್ತು, ಓಡಾಟ ಇರಲಿಲ್ಲ. ಅಲ್ಲಿ ಮುಟ್ಟಿದ ಮೇಲೆ ನಿಫ್ಟಿ ದಿನಕ್ಕೆ 400 ಪಾಯಿಂಟ್ ಕುಣಿದರೂ ನಿಮ್ಮ ಹತ್ತಿರ ಗಾಮಾ ಇಲ್ಲ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ನಿಜವಾದ ಏರಿಳಿತ 18 ಬಂದಿರಬಹುದು, ನೀವು ಕೊಂಡದ್ದು 14ಕ್ಕೆ, ಆದರೂ ನಷ್ಟ. ಹಾಗಾಗಿ ಹಳೆಯದನ್ನು ಮಾರಿ 26,500ರ ಸ್ಟ್ರಾಡಲ್‌ಗೆ ಬದಲಾಯಿಸಬೇಕು. ಆಗ ಆ ದಿನದ ಐವಿಗೆ ಹೊಸದಾಗಿ ಬೆಲೆ ಕೊಡುತ್ತೀರಿ. ಹಳೆಯದು ಆಳಕ್ಕೆ ಹೋಗಿರುವುದರಿಂದ ಅಲ್ಲಿ ಕೊಳ್ಳುವ ಮಾರುವ ಬೆಲೆಯ ಅಂತರವೂ ಅಗಲ. ಮಾರ್ಕೆಟ್ ಆರ್ಡರ್ ಹಾಕಬೇಡಿ, ಲಿಮಿಟ್ ಹಾಕಿ ಕಾಯಿರಿ. ಮೊದಲು ಕಾಲ್ ಮಾರಿದರೆ ಅದಕ್ಕೆ ಕಟ್ಟಿದ್ದ ಫ್ಯೂಚರನ್ನೂ ಆಗಲೇ ವಾಪಸ್ ಕೊಳ್ಳಬೇಕು. ಇಲ್ಲದಿದ್ದರೆ ಆ ಹೊತ್ತಿನ ಮಟ್ಟಿಗೆ ನೀವು ನ್ಯೂಟ್ರಲ್ ಅಲ್ಲ, ಬರೀ ಫ್ಯೂಚರ್ ಮಾರಿ ಕೂತವರು.